ಬ್ಯಾಂಕಿನ ಪತ್ರದಲ್ಲಿ ಒಂದು ಮೊತ್ತ, ಲೆಡ್ಜರ್‌ನಲ್ಲಿ ಇನ್ನೊಂದು: ನಡುವಿನ 3,84,800 ಎಲ್ಲಿಂದ ಬಂತು?

ಓದುಗರ ಪ್ರಶ್ನೆ: "ಮೇಡಂ, ಹುಬ್ಬಳ್ಳಿಯಲ್ಲಿ ಮಷಿನ್ ಬಿಡಿಭಾಗ ಮಾಡುವ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ನಾನು ಅಕೌಂಟೆಂಟ್. 31 ಮಾರ್ಚ್ 2025ಕ್ಕೆ ನಮ್ಮ ಟ್ಯಾಲಿಯಲ್ಲಿ ಕರೆಂಟ್ ಅಕೌಂಟ್ ಬಾಕಿ 12,48,300 ಇದೆ. ಬ್ಯಾಂಕಿನವರು ಆಡಿಟರ್‌ಗೆ ಕಳಿಸಿದ ಪತ್ರದಲ್ಲಿ 16,33,100 ಅಂತಿದೆ. ಎಫ್‌ಡಿ ನಮ್ಮಲ್ಲಿ 20,00,000, ಅವರಲ್ಲಿ 20,95,996. ಜೊತೆಗೆ ಐದು ಲಕ್ಷದ ಗ್ಯಾರಂಟಿ ಅಂತ ಒಂದು ಸಾಲು. ಅದು ನಮ್ಮ ಲೆಡ್ಜರ್‌ನಲ್ಲೇ ಇಲ್ಲ. ಟ್ಯಾಲಿಯ ರಿಕನ್ಸಿಲಿಯೇಷನ್‌ನಲ್ಲಿ ಬಾಕಿ ಏನೂ ತೋರಿಸುತ್ತಿಲ್ಲ. ಯಜಮಾನರು 'ಬ್ಯಾಂಕ್ ಹೇಳಿದ್ದೇ ಸರಿ, ವ್ಯತ್ಯಾಸ ಸಸ್ಪೆನ್ಸ್‌ಗೆ ಹಾಕಿ ಹೊಂದಿಸಿ' ಅಂತಾರೆ. ಹಾಗೆ ಮಾಡಬಹುದಾ? ಮಾರ್ಚ್, ಏಪ್ರಿಲ್ ಸ್ಟೇಟ್‌ಮೆಂಟ್ ಮತ್ತು ಪತ್ರದ ನಕಲು ಜೊತೆಗಿಟ್ಟಿದ್ದೇನೆ."

ಉತ್ತರ:

ಸಸ್ಪೆನ್ಸ್‌ಗೆ ಹಾಕಬೇಡಿ, ಅದು ಕಾರಣ ತಿಳಿಯದ ಮೊತ್ತವನ್ನು ತಾತ್ಕಾಲಿಕವಾಗಿ ಇಡುವ ಖಾತೆ. ನೀವು ಕಳಿಸಿದ ಸ್ಟೇಟ್‌ಮೆಂಟ್‌ಗಳನ್ನು ಕೂತು ನೋಡಿದೆ. ಆ 3,84,800 ಒಂದು ವ್ಯತ್ಯಾಸವಲ್ಲ. ಅದರಲ್ಲಿ ಆರು ಬೇರೆ ಬೇರೆ ಸಂಗತಿಗಳಿವೆ. ಎರಡು ಸಹಜವಾದವು, ಅವುಗಳನ್ನು ಮುಟ್ಟುವಂತಿಲ್ಲ. ನಾಲ್ಕು ನಿಮ್ಮ ಪುಸ್ತಕದಲ್ಲೇ ತಿದ್ದಬೇಕಾದವು. ಸಸ್ಪೆನ್ಸ್‌ಗೆ ಹಾಕಿದರೆ ಆರೂ ಒಂದೇ ಮೂಟೆಯಲ್ಲಿ ಸೇರಿಹೋಗುತ್ತವೆ, ಅಷ್ಟೇ.

"ಬ್ಯಾಂಕ್ ಹೇಳಿದ್ದೇ ಸರಿ" ಅನ್ನುವ ಮಾತು ಅರ್ಧ ನಿಜ. ಮಾರ್ಚ್ 31ರ ರಾತ್ರಿ ತನ್ನ ಪುಸ್ತಕದಲ್ಲಿ ಎಷ್ಟಿತ್ತು ಎಂದು ಬ್ಯಾಂಕ್ ಹೇಳುತ್ತದೆ. ನೀವು 27ನೇ ತಾರೀಕು ಬರೆದುಕೊಟ್ಟ ಚೆಕ್ ಇನ್ನೂ ಯಾರದ್ದೋ ಜೇಬಿನಲ್ಲಿದೆ ಅನ್ನುವುದು ಅದಕ್ಕೆ ಗೊತ್ತಿರುವುದಿಲ್ಲ. ಹಾಗಾಗಿ ಎರಡು ಮೊತ್ತ ಬೇರೆಯಾಗಿರುವುದೇ ತಪ್ಪಲ್ಲ. ಆಡಿಟರ್ ಕೇಳುತ್ತಿರುವುದು "ಯಾಕೆ ಬೇರೆ" ಎಂದು. ಆ "ಯಾಕೆ"ಗೆ ರೂಪಾಯಿ ರೂಪಾಯಿಗೂ ಉತ್ತರ ಇರಬೇಕು.

ಲೆಕ್ಕಕ್ಕೆ ಇಳಿಯುವ ಮುಂಚೆ ಪತ್ರವನ್ನೇ ಒಮ್ಮೆ ಸರಿಯಾಗಿ ಓದಬೇಕು. ಯಾವ ತಾರೀಕಿನ ಬಾಕಿ, ಯಾವ ಖಾತೆ ಸಂಖ್ಯೆ, ನಿಮ್ಮ ಎಲ್ಲ ಖಾತೆಗಳೂ ಬಂದಿವೆಯಾ ಅಂತ. ನಾನು ಸಿಎ ತರಬೇತಿಯ ಆರ್ಟಿಕಲ್‌ಶಿಪ್ ಮಾಡುತ್ತಿದ್ದಾಗ ಒಂದು ಅಕ್ಕಿ ಗಿರಣಿಯ ಲೆಕ್ಕದಲ್ಲಿ ವ್ಯತ್ಯಾಸ ಹುಡುಕುತ್ತಾ ಎರಡು ದಿನ ಕಳೆದೆ. ಕೊನೆಗೆ ನೋಡಿದರೆ ಶಾಖೆಯವರು ಪತ್ರ ಬರೆದ ದಿನದ ಬಾಕಿ ಹಾಕಿದ್ದರು, ವರ್ಷಾಂತ್ಯದ್ದಲ್ಲ. ಅಂದಿನಿಂದ ಪತ್ರದ ಮೊತ್ತವನ್ನು ಮೊದಲು ಸ್ಟೇಟ್‌ಮೆಂಟ್‌ನ ಮಾರ್ಚ್ 31ರ ಕೊನೆಯ ಸಾಲಿನ ಜೊತೆ ಹೋಲಿಸುತ್ತೇನೆ, ಆಮೇಲೆಯೇ ಲೆಡ್ಜರ್ ತೆರೆಯುವುದು. ನಿಮ್ಮದರಲ್ಲಿ ಎರಡೂ 16,33,100. ಅಲ್ಲಿಗೆ ಪತ್ರ ಸರಿಯಿದೆ.

ಈಗ ನಿಮ್ಮ ಟ್ಯಾಲಿ ಯಾಕೆ "ಬಾಕಿ ಏನೂ ಇಲ್ಲ" ಅನ್ನುತ್ತಿದೆ? ಲೆಡ್ಜರನ್ನು ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡುವ ರಿಕನ್ಸಿಲಿಯೇಷನ್ ಪರದೆಯಲ್ಲಿ Bank Date ಅಂತ ಒಂದು ಕಾಲಂ ಇದೆ. ಬ್ಯಾಂಕಿನಲ್ಲಿ ಹಣ ನಿಜವಾಗಿ ಹೋದ ಅಥವಾ ಬಂದ ದಿನವನ್ನು ಅಲ್ಲಿ ಹಾಕಬೇಕು. ಪಟ್ಟಿ ಬೇಗ ಖಾಲಿಯಾಗಲಿ ಅಂತ ಯಾರೋ ಎಲ್ಲ ಸಾಲಿಗೂ ವೋಚರ್ ತಾರೀಕನ್ನೇ ತುಂಬಿದ್ದಾರೆ. ಇದನ್ನು ಕಂಡುಹಿಡಿಯುವುದು ಸುಲಭ. ಆ ಪರದೆಯ ಕೆಳಗೆ ಬ್ಯಾಂಕಿನ ಪ್ರಕಾರ ಬಾಕಿ ಅಂತ ಬರುವ ಮೊತ್ತ ಸ್ಟೇಟ್‌ಮೆಂಟಿನ ಮೊತ್ತಕ್ಕೆ ಸಮ ಇರಬೇಕು. ನಿಮ್ಮದರಲ್ಲಿ ಅಲ್ಲಿಯೂ 12,48,300 ಬರುತ್ತಿರಬೇಕು, ಅಲ್ವಾ? ಹಾಗಿದ್ದರೆ ಆ ರಿಕನ್ಸಿಲಿಯೇಷನ್ ಆಗಿಯೇ ಇಲ್ಲ ಅಂತ ಅರ್ಥ. ಕಡೇ ಪಕ್ಷ ಮಾರ್ಚ್ ತಿಂಗಳ ಆ ತಾರೀಕುಗಳನ್ನು ಅಳಿಸಿ, ಸ್ಟೇಟ್‌ಮೆಂಟ್ ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಸಾಲಿಗೆ ಹೊಸದಾಗಿ ಹಾಕಿ. ಮಾರ್ಚ್‌ಗೆ ಮುಂಚಿನ ಚೆಕ್‌ಗಳಲ್ಲಿ ಪಾಸಾಗದೆ ಉಳಿದವು ಇವೆಯಾ ಅಂತಲೂ ನೋಡಬೇಕು. ನಿಮ್ಮಲ್ಲಿ ಅಂಥದ್ದು ಒಂದಿದೆ.

ಹಾಗೆ ಮಾಡಿದಾಗ ಸಿಕ್ಕಿದ್ದು ಇದು. ನೀವು ಕೊಟ್ಟದ್ದೆಂದು ಪುಸ್ತಕದಲ್ಲಿ ಬರೆದು, ಮಾರ್ಚ್ 31ರೊಳಗೆ ಬ್ಯಾಂಕಿನಲ್ಲಿ ಪಾಸಾಗದ ಚೆಕ್ ಮೂರು: 75,000, 1,50,000 ಮತ್ತು 1,85,000. ಒಟ್ಟು 4,10,000. ನೀವು ಜಮಾ ಮಾಡಿ ಹಣ ಇನ್ನೂ ಖಾತೆಗೆ ಬಾರದ ಚೆಕ್ ಒಂದು, 96,000. ಬ್ಯಾಂಕ್ ಕಡಿತ ಮಾಡಿಕೊಂಡು ನೀವು ಬರೆಯದ ಚಾರ್ಜ್ 11,800. ಬ್ಯಾಂಕಿಗೆ ಬಂದು ನೀವು ಬರೆಯದ ಒಂದು ನೆಫ್ಟ್ 82,600. ನಿಮ್ಮ 12,48,300ಕ್ಕೆ 4,10,000 ಕೂಡಿಸಿ, 96,000 ಕಳೆದು, 11,800 ಕಳೆದು, 82,600 ಕೂಡಿಸಿದರೆ 16,33,100. ಲೆಕ್ಕ ಕೂಡಿತು.

ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ಲೆಕ್ಕ ಕೂಡಿತಲ್ಲ, ಇನ್ನೇನು ಅಂತ. ಆದರೆ ಕೂಡುವುದು ಬೇರೆ, ವಿವರಣೆ ಸರಿಯಾಗಿರುವುದು ಬೇರೆ. ಪ್ರತಿ ಸಾಲಿಗೂ "ಏಪ್ರಿಲ್‌ನಲ್ಲಿ ಇದು ಏನಾಯಿತು?" ಅಂತ ಕೇಳಬೇಕು. ಅದಕ್ಕೇ ಏಪ್ರಿಲ್ ಸ್ಟೇಟ್‌ಮೆಂಟ್ ಬೇಕಾಗುವುದು. ಆಡಿಟರ್ ಕೂಡ ಮೊದಲು ನೋಡುವುದು ಅದನ್ನೇ.

96,000ದ ಚೆಕ್ ತೆಗೆದುಕೊಳ್ಳಿ. ಅದನ್ನು ನೀವು ಮಾರ್ಚ್ 29, ಶನಿವಾರ ಬ್ಯಾಂಕಿಗೆ ಹಾಕಿದ್ದೀರಿ. 30 ಭಾನುವಾರ, ಯುಗಾದಿ ಬೇರೆ. 31 ರಂಜಾನ್. ಏಪ್ರಿಲ್ 1 ಬ್ಯಾಂಕುಗಳ ವಾರ್ಷಿಕ ಲೆಕ್ಕದ ರಜೆ. ಹಣ ಬಂದದ್ದು ಏಪ್ರಿಲ್ 2ರಂದು. ಇದು ಸಹಜ ವ್ಯತ್ಯಾಸ. ಎಂಟ್ರಿ ಏನೂ ಬೇಡ. ಜಮಾ ಮಾಡಿದ ಸ್ಲಿಪ್ಪಿನ ಪ್ರತಿ ಮತ್ತು ಏಪ್ರಿಲ್ 2ರ ಸಾಲು ತೋರಿಸಿದರೆ ಸಾಕು. 2025ರ ಅಕ್ಟೋಬರ್ 4ರಿಂದ ರಿಸರ್ವ್ ಬ್ಯಾಂಕ್ ಚೆಕ್‌ಗಳನ್ನು ದಿನವಿಡೀ ಕ್ಲಿಯರ್ ಮಾಡುವ ಪದ್ಧತಿ ತಂದಿದೆ. ಹಾಗಾಗಿ ಇನ್ನು ಮುಂದಿನ ವರ್ಷಾಂತ್ಯಗಳಲ್ಲಿ ಚೆಕ್ ಹಾಕಿ ನಾಲ್ಕೈದು ದಿನ ಹಣ ಬಂದಿಲ್ಲ ಅಂದರೆ ಆಡಿಟರ್ ಹುಬ್ಬೇರಿಸುವುದು ಜಾಸ್ತಿ ಆಗುತ್ತದೆ.

75,000ದ ಚೆಕ್ಕೂ ಹಾಗೆಯೇ. ಮಾರ್ಚ್ 27ರದ್ದು, ಏಪ್ರಿಲ್ 3ಕ್ಕೆ ಪಾಸಾಗಿದೆ. ಅದರ ಮಾತು ಮುಗಿಯಿತು.

ಉಳಿದ ಎರಡು ಚೆಕ್‌ಗಳು ಹಾಗಲ್ಲ. ನೋಡಲು ಮೂರೂ ಒಂದೇ ಪಟ್ಟಿಯಲ್ಲಿವೆ. ಅದೇ ಮೋಸ ಹೋಗುವ ಜಾಗ.

1,50,000ದ ಚೆಕ್ಕಿನ ತಾರೀಕು 2 ಡಿಸೆಂಬರ್ 2024. ಅದು ಏಪ್ರಿಲ್‌ನಲ್ಲೂ ಪಾಸಾಗಿಲ್ಲ. ಚೆಕ್ಕಿನ ಅವಧಿ ಅದರ ತಾರೀಕಿನಿಂದ ಮೂರು ತಿಂಗಳು ಮಾತ್ರ. ಮೊದಲು ಆರು ತಿಂಗಳಿತ್ತು, 2012ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕ್ ಮೂರಕ್ಕೆ ಇಳಿಸಿತು. ಅಂದರೆ ಮಾರ್ಚ್ ಮೊದಲ ವಾರಕ್ಕೆಲ್ಲ ಆ ಚೆಕ್ ಸತ್ತಿತ್ತು. ಮಾರ್ಚ್ 31ಕ್ಕೆ ಅದನ್ನು "ಇನ್ನೂ ಪಾಸಾಗಬೇಕಾದ ಚೆಕ್" ಅಂತ ತೋರಿಸುವಂತಿಲ್ಲ, ಯಾಕೆಂದರೆ ಅದು ಇನ್ನು ಪಾಸಾಗುವುದೇ ಇಲ್ಲ. ಬ್ಯಾಂಕ್ ಖಾತೆಗೆ ಡೆಬಿಟ್, ಆ ಸರಬರಾಜುದಾರರ ಖಾತೆಗೆ ಕ್ರೆಡಿಟ್ ಮಾಡಿ ಸಾಲವನ್ನು ಮತ್ತೆ ಪುಸ್ತಕಕ್ಕೆ ತನ್ನಿ. ಕೆಲವರು ಇದನ್ನು ಇತರೆ ಆದಾಯಕ್ಕೆ ಹಾಕಿಬಿಡುತ್ತಾರೆ. ಚೆಕ್ ಸತ್ತರೆ ಸಾಲ ಸಾಯುವುದಿಲ್ಲ, ಹಾಗೆ ಮಾಡಬೇಡಿ. ಒಂದೇ ಒಂದು ಅಂಶ ನೋಡಿಕೊಳ್ಳಿ. ಅದೇ ಬಿಲ್ಲಿಗೆ ಆಮೇಲೆ ನೆಫ್ಟ್ ಮಾಡಿ, ಚೆಕ್ಕಿನ ಎಂಟ್ರಿ ರದ್ದು ಮಾಡಲು ಮರೆತಿರಬಹುದು. ಹಾಗಿದ್ದರೆ ಅವರ ಖಾತೆ ಈಗ ಉಲ್ಟಾ ಡೆಬಿಟ್ ಬಾಕಿ ತೋರಿಸುತ್ತಿರುತ್ತದೆ. ಈ ಎಂಟ್ರಿ ಹಾಕಿದ ಮೇಲೆ ಅದು ತಾನಾಗಿ ಸರಿಹೋಗುತ್ತದೆ.

ಇನ್ನು 1,85,000ದ್ದು. ಈ ಚೆಕ್ಕಿನ ಬಗ್ಗೆ ನಾನು ಸ್ವಲ್ಪ ನೇರವಾಗಿ ಹೇಳಬೇಕು. ಚೆಕ್ಕಿನ ಮೇಲೆ ಮಾರ್ಚ್ 31 ಅಂತಿದೆ, ಪಾಸಾದದ್ದು ಏಪ್ರಿಲ್ 11ಕ್ಕೆ. ಅದರ ಹಿಂದಿನ ನಂಬರಿನ ಚೆಕ್ ಮತ್ತು ಮುಂದಿನ ನಂಬರಿನ ಚೆಕ್ ಎರಡೂ ಏಪ್ರಿಲ್ 8, 9ರವು. ತೆಗೆದುಕೊಂಡವರು ಊರಿನಲ್ಲೇ ಇರುವವರು. ಇದನ್ನು ನೋಡಿದ ಯಾವ ಆಡಿಟರ್‌ಗೂ ಒಂದೇ ಅನುಮಾನ ಬರುತ್ತದೆ. ಚೆಕ್ ಏಪ್ರಿಲ್‌ನಲ್ಲಿ ಬರೆದು ಮಾರ್ಚ್ ತಾರೀಕು ಹಾಕಿದ್ದು, ಅಥವಾ ಮಾರ್ಚ್‌ನಲ್ಲೇ ಬರೆದು ಡ್ರಾಯರ್‌ನಲ್ಲಿ ಇಟ್ಟುಕೊಂಡದ್ದು. ಯಾವುದಾದರೂ ಸರಿ, ಮಾರ್ಚ್ 31ರಂದು ಆ ಚೆಕ್ ನಿಮ್ಮ ಕೈ ಬಿಟ್ಟಿರಲಿಲ್ಲ. ಕೈ ಬಿಡದ ಚೆಕ್ ಪಾವತಿ ಅಲ್ಲ. ಅದನ್ನೂ ವಾಪಸ್ ಬ್ಯಾಂಕ್ ಬಾಕಿಗೆ ಸೇರಿಸಿ, ಸರಬರಾಜುದಾರರ ಸಾಲವನ್ನು ತೋರಿಸಬೇಕು. ಪಾವತಿಯ ಎಂಟ್ರಿ ಏಪ್ರಿಲ್‌ಗೆ ಹೋಗುತ್ತದೆ.

ಹೀಗೆ ಮಾಡುವ ಕಂಪನಿಗಳಿಗೆ ಈಗ ಒಂದು ಹೊಸ ಕಾರಣವೂ ಇದೆ. ಆ ಲೆಕ್ಕವರ್ಷಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಪ್ರಕಾರ, ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು 15 ದಿನದೊಳಗೆ, ಬರಹದಲ್ಲಿ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ಗಡುವು ಮೀರಿದರೆ, ಹಣ ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಅದು ಖರ್ಚಾಗಿ ಸಿಗುತ್ತದೆ. ಮಾರ್ಚ್ 31ರ ತಾರೀಕು ಹಾಕಿದರೆ ತಪ್ಪಿಸಿಕೊಂಡೆವು ಅಂತ ಕೆಲವರು ತಿಳಿಯುತ್ತಾರೆ. ಬ್ಯಾಂಕ್ ಪತ್ರ ಮತ್ತು ಏಪ್ರಿಲ್ ಸ್ಟೇಟ್‌ಮೆಂಟ್ ಪಕ್ಕಪಕ್ಕ ಇಟ್ಟರೆ ಅದು ನಿಲ್ಲುವುದಿಲ್ಲ. ಆ ಸರಬರಾಜುದಾರರು ಆ ನೋಂದಣಿಯಲ್ಲಿದ್ದಾರಾ, ಬಿಲ್ಲು ಯಾವಾಗಿನದು ಅಂತ ನೋಡಿ, ಇದ್ದರೆ ಆಡಿಟರ್‌ಗೆ ನೀವೇ ಮೊದಲು ಹೇಳಿ.

82,600 ಮಾರ್ಚ್ 31ರ ರಾತ್ರಿ ಬಂದ ನೆಫ್ಟ್. ನೆಫ್ಟ್ 2019ರ ಡಿಸೆಂಬರ್‌ನಿಂದ ದಿನದ 24 ಗಂಟೆಯೂ, ರಜಾದಿನದಲ್ಲೂ ನಡೆಯುತ್ತದೆ. ಆಫೀಸ್ ಮುಚ್ಚಿದ್ದರೂ ಗ್ರಾಹಕರು ಹಣ ಹಾಕಿದರು, ನೀವು ಏಪ್ರಿಲ್ 2ಕ್ಕೆ ಬಂದು ಆ ದಿನದ ತಾರೀಕಿನಲ್ಲಿ ಬರೆದಿರಿ. ಬಂದ ದಿನ ಮಾರ್ಚ್ 31, ಹಾಗಾಗಿ ಅದು ಹಿಂದಿನ ವರ್ಷದ ರಸೀದಿ. ಮಾರ್ಚ್ 31ಕ್ಕೆ ರಸೀದಿ ಹಾಕುವಾಗ ಏಪ್ರಿಲ್ 2ರ ವೋಚರ್ ತೆಗೆಯಲು ಮರೆಯಬೇಡಿ. ಎರಡೂ ಉಳಿದರೆ ಅದೇ ಹಣ ಎರಡು ಸಲ ಬಂದಂತಾಗುತ್ತದೆ. ಹೀಗೆ ತಿದ್ದಿದ್ದು ಸಾಫ್ಟ್‌ವೇರ್‌ನ ಎಡಿಟ್ ಲಾಗ್‌ನಲ್ಲಿ ಉಳಿಯುತ್ತದೆ ಅಂತ ಹೆದರಬೇಡಿ. 2023ರ ಏಪ್ರಿಲ್ 1ರಿಂದ ಕಂಪನಿಗಳಿಗೆ ಅದು ಕಡ್ಡಾಯವೇ. ತಿದ್ದುಪಡಿಗೆ ಕಾರಣ ವೋಚರ್‌ನ ವಿವರಣೆಯಲ್ಲಿ ಬರೆದಿಟ್ಟರೆ ಸಾಕು. ಲಾಗ್ ಆಫ್ ಮಾಡಿ ತಿದ್ದಲು ಹೋದರೆ ಮಾತ್ರ ನಿಜವಾದ ತೊಂದರೆ.

ಕೊನೆಯದು 11,800. ಮೊತ್ತ ಚಿಕ್ಕದು, ಆದರೆ ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ. ಮಾರ್ಚ್ 28ರ ಆ ಸಾಲಿನಲ್ಲಿ ಬ್ಯಾಂಕ್ ಗ್ಯಾರಂಟಿ ಕಮಿಷನ್ ಅಂತ ಬರೆದಿದೆ. 10,000 ಕಮಿಷನ್, 1,800 ಜಿಎಸ್‌ಟಿ. ಐದು ಲಕ್ಷಕ್ಕೆ ವರ್ಷಕ್ಕೆ ಶೇ. 2. ಅಂದರೆ ಪತ್ರದಲ್ಲಿರುವ ಐದು ಲಕ್ಷದ ಗ್ಯಾರಂಟಿ ಇದೇ. ಯಾವುದೋ ಆರ್ಡರ್ ಸಿಗಲು ಯಜಮಾನರು ಗ್ರಾಹಕರಿಗೆ ಕೊಡಿಸಿರುತ್ತಾರೆ, ನಿಮಗೆ ಹೇಳಲು ಬಿಟ್ಟಿರುತ್ತಾರೆ. ಬ್ಯಾಂಕ್ ಈ ಹಣವನ್ನು ನಿಮಗೆ ಕೊಟ್ಟಿಲ್ಲ, ಹಾಗಾಗಿ ಲೆಡ್ಜರ್‌ನಲ್ಲಿ ಇಲ್ಲದಿರುವುದು ತಪ್ಪಲ್ಲ. ನೀವು ಒಪ್ಪಂದ ಮುರಿದರೆ ಮಾತ್ರ ಬ್ಯಾಂಕ್ ಗ್ರಾಹಕರಿಗೆ ಕೊಟ್ಟು ನಿಮ್ಮಿಂದ ವಸೂಲು ಮಾಡುತ್ತದೆ. ಆದರೆ ಬ್ಯಾಲೆನ್ಸ್ ಶೀಟಿನ ಟಿಪ್ಪಣಿಗಳಲ್ಲಿ ಇದಕ್ಕೆ ಜಾಗ ಬೇಕಾಗಬಹುದು. ಗ್ಯಾರಂಟಿಯ ಪ್ರತಿಯನ್ನು ಆಡಿಟರ್‌ಗೆ ಕೊಡಿ, ಎಲ್ಲಿ ಹೇಗೆ ತೋರಿಸಬೇಕು ಅಂತ ಷರತ್ತು ಓದಿ ಅವರು ತೀರ್ಮಾನಿಸುತ್ತಾರೆ. 11,800 ಪೂರ್ತಿ ಬ್ಯಾಂಕ್ ಚಾರ್ಜಿಗೆ ಹಾಕಬೇಡಿ. ಬ್ಯಾಂಕಿನಿಂದ ಜಿಎಸ್‌ಟಿ ಬಿಲ್ಲು ತರಿಸಿಕೊಂಡರೆ 1,800 ಇನ್‌ಪುಟ್ ಆಗಿ ಸಿಗುತ್ತದೆ. ಉಳಿದ 10,000 ಕೂಡ ಬಹುಪಾಲು ಮುಂದಿನ ವರ್ಷದ ಅವಧಿಗೆ ಕೊಟ್ಟದ್ದು, ಅದನ್ನು ಮುಂಗಡ ಖರ್ಚು ಅಂತ ತೋರಿಸಬೇಕಾಗುತ್ತದೆ.

ಪತ್ರದ ಅದೇ ಪುಟದಲ್ಲಿ ಎಫ್‌ಡಿ ಎದುರಿಗೆ ಲೀನ್ ಅಂತ ಬರೆದಿದೆ, ನೋಡಿದಿರಾ? ಗ್ಯಾರಂಟಿಗೆ ಬ್ಯಾಂಕ್ ಹಿಡಿದುಕೊಂಡದ್ದು ನಿಮ್ಮ ಎಫ್‌ಡಿಯನ್ನು. ಅದು ನಿಮ್ಮದೇ ಹಣ, ಆದರೆ ಬೇಕೆಂದಾಗ ಮುರಿಸಿ ತೆಗೆಯುವಂತಿಲ್ಲ. ಹೀಗೆ ಮಾರ್ಜಿನ್ ಅಥವಾ ಭದ್ರತೆಗೆ ಇಟ್ಟ ಠೇವಣಿಯನ್ನು ಉಳಿದ ಬ್ಯಾಂಕ್ ಬಾಕಿಯ ಜೊತೆ ಬೆರೆಸದೆ ಬೇರೆಯಾಗಿ ತೋರಿಸಬೇಕೆಂದು ಕಂಪನಿ ಕಾಯ್ದೆಯ ಶೆಡ್ಯೂಲ್ 3 ಹೇಳುತ್ತದೆ. ಬ್ಯಾಂಕ್ ಪತ್ರದಲ್ಲಿ ಎಲ್ಲರೂ ಮೊತ್ತದ ಕಾಲಂ ಓದುತ್ತಾರೆ, ಪಕ್ಕದ ಷರಾ ಕಾಲಂ ಓದುವುದಿಲ್ಲ. ನನ್ನ ಅನುಭವದಲ್ಲಿ ಹೆಚ್ಚು ವಿಷಯ ಸಿಗುವುದು ಷರಾದಲ್ಲೇ.

ಎಫ್‌ಡಿಯ 95,996 ವ್ಯತ್ಯಾಸ ಬಡ್ಡಿಯದ್ದು. 2024ರ ಜುಲೈ 1ಕ್ಕೆ ಇಟ್ಟ 20 ಲಕ್ಷ, ಶೇ. 7, ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುತ್ತದೆ. ಮೊದಲ ಮೂರು ತಿಂಗಳ ಬಡ್ಡಿ 35,000. ಅದರಲ್ಲಿ ಶೇ. 10 ಟಿಡಿಎಸ್, 3,500. ಸೇರಿದ್ದು 31,500. ಹೀಗೆಯೇ ಮೂರು ಸಲ. ಒಟ್ಟು ಬಡ್ಡಿ 1,06,662, ಟಿಡಿಎಸ್ 10,666, ಎಫ್‌ಡಿಗೆ ಸೇರಿದ್ದು 95,996.

ಇಲ್ಲಿ ನಾನು ಅತಿ ಹೆಚ್ಚು ಸಲ ನೋಡುವ ತಪ್ಪು ಒಂದಿದೆ. ವ್ಯತ್ಯಾಸ 95,996 ಅಲ್ವಾ, ಅಷ್ಟನ್ನೇ ಬಡ್ಡಿ ಆದಾಯ ಅಂತ ಬರೆದು ಮುಗಿಸುವುದು. ಎಫ್‌ಡಿ ಬಾಕಿ ಪತ್ರಕ್ಕೆ ಹೊಂದಿಬಿಡುತ್ತದೆ, ಆದರೆ ಆದಾಯ 10,666 ಕಡಿಮೆಯಾಗುತ್ತದೆ, ಕಟ್ಟಿದ ತೆರಿಗೆಯೂ ಪುಸ್ತಕದಲ್ಲಿ ಬರುವುದಿಲ್ಲ. ಆಮೇಲೆ ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ಬ್ಯಾಂಕ್ 1,06,662 ತೋರಿಸಿರುತ್ತದೆ, ನಿಮ್ಮ ರಿಟರ್ನ್‌ನಲ್ಲಿ ಬೇರೆ. ಸರಿಯಾದ ಎಂಟ್ರಿ ಹೀಗೆ: ಎಫ್‌ಡಿ ಖಾತೆಗೆ ಡೆಬಿಟ್ 95,996, ಬರಬೇಕಾದ ಟಿಡಿಎಸ್‌ಗೆ ಡೆಬಿಟ್ 10,666, ಬಡ್ಡಿ ಆದಾಯಕ್ಕೆ ಕ್ರೆಡಿಟ್ 1,06,662. ನಿಮ್ಮ ಎಫ್‌ಡಿಯ ಬಡ್ಡಿಯ ಅವಧಿ ಸರಿಯಾಗಿ ಮಾರ್ಚ್ 31ಕ್ಕೆ ಬಂದು ನಿಂತಿದೆ, ಹಾಗಾಗಿ ಸುಲಭ. ಫೆಬ್ರವರಿ ಮಧ್ಯದಲ್ಲಿ ಬಡ್ಡಿ ಸೇರುವ ಎಫ್‌ಡಿ ಆಗಿದ್ದರೆ, ಅಲ್ಲಿಂದ ಮಾರ್ಚ್ 31ರವರೆಗಿನ ಬಡ್ಡಿಯನ್ನು ಪತ್ರದಲ್ಲಿ ಕೆಲವು ಬ್ಯಾಂಕುಗಳು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಆಗ ನೀವೇ ಲೆಕ್ಕ ಹಾಕಬೇಕು.

ಇಷ್ಟೆಲ್ಲ ತಿದ್ದಿದ ಮೇಲೆ ಕರೆಂಟ್ ಅಕೌಂಟಿನ ಚಿತ್ರ ಹೀಗಾಗುತ್ತದೆ. ಲೆಡ್ಜರ್ ಬಾಕಿ 16,54,100. ಅದಕ್ಕೆ ಪಾಸಾಗದ ಒಂದೇ ಚೆಕ್ 75,000 ಕೂಡಿಸಿ, ಜಮಾ ಆಗಬೇಕಾದ 96,000 ಕಳೆದರೆ ಬ್ಯಾಂಕ್ ಪತ್ರದ 16,33,100. ವ್ಯತ್ಯಾಸ 3,84,800 ಇದ್ದದ್ದು 21,000ಕ್ಕೆ ಇಳಿಯಿತು, ಅದೂ ಉಲ್ಟಾ ದಿಕ್ಕಿನಲ್ಲಿ. ಯಜಮಾನರು ಹೇಳಿದಂತೆ ಬ್ಯಾಂಕಿನ ಮೊತ್ತಕ್ಕೇ ಹೊಂದಿಸಿದ್ದರೆ, ಹೊಂದಿಸಿದ ಮೇಲೂ ಬಾಕಿ 21,000 ತಪ್ಪಾಗಿರುತ್ತಿತ್ತು. ಸರಬರಾಜುದಾರರಿಗೆ ಕೊಡಬೇಕಾದ 3,35,000 ಪುಸ್ತಕದಲ್ಲೇ ಇರುತ್ತಿರಲಿಲ್ಲ. ಗ್ರಾಹಕರಿಂದ ಬಂದ 82,600 ಇನ್ನೂ ಬರಬೇಕು ಅಂತಲೇ ತೋರಿಸುತ್ತಿತ್ತು. ಅವರಿಗೆ ಈ ಮೂರು ಅಂಕಿ ತೋರಿಸಿ. ವಾದ ಮಾಡುವುದಕ್ಕಿಂತ ಇದು ಬೇಗ ಒಪ್ಪಿಗೆಯಾಗುತ್ತದೆ.

ನಿಮ್ಮ ಲೆಕ್ಕಪತ್ರಕ್ಕೆ ಇನ್ನೂ ಸಹಿ ಆಗಿಲ್ಲ ಅಂತ ಅಂದುಕೊಂಡಿದ್ದೇನೆ. ಹಾಗಿದ್ದರೆ ಎಲ್ಲ ಎಂಟ್ರಿಗಳನ್ನೂ ಮಾರ್ಚ್ 31ರ ಪುಸ್ತಕದಲ್ಲೇ ಹಾಕುವುದು ಒಳ್ಳೆಯ ದಾರಿ. ಇದರಿಂದ ಲಾಭ ಬದಲಾಗುತ್ತದೆ, ಮುಂಗಡ ತೆರಿಗೆಯ ಲೆಕ್ಕವೂ ಸ್ವಲ್ಪ ಬದಲಾಗಬಹುದು, ಅದಕ್ಕೆ ಸಿದ್ಧರಿರಿ. ಗ್ಯಾರಂಟಿ ಕಮಿಷನ್‌ನ ಮುಂಗಡ ಭಾಗದಂಥ ಸಣ್ಣ ಮೊತ್ತವನ್ನು ಆಡಿಟರ್ ತಿದ್ದದೆ ಬಿಡಲು ಒಪ್ಪಬಹುದು, ಆ ತೀರ್ಮಾನ ಅವರದ್ದು. ಎರಡು ಚೆಕ್ ಮತ್ತು ಎಫ್‌ಡಿ ಬಡ್ಡಿಯನ್ನು ಹಾಗೆ ಬಿಡಲು ಆಗುವುದಿಲ್ಲ. ಒಂದು ವೇಳೆ ಸಹಿ ಆಗಿಹೋಗಿದ್ದರೆ ಹಳೇ ಪುಸ್ತಕ ತೆರೆಯಬೇಡಿ. ಈ ವರ್ಷದಲ್ಲಿ ಹಿಂದಿನ ಅವಧಿಯ ತಿದ್ದುಪಡಿ ಅಂತ ತೋರಿಸುವ ದಾರಿ ಇದೆ, ಆಡಿಟರ್ ಜೊತೆ ಕೂತು ಮಾಡಿ.

ಬ್ಯಾಂಕಿಗೆ ಹೋಗಿ "ನಮ್ಮ ಮೊತ್ತ ಹಾಕಿ ಇನ್ನೊಂದು ಪತ್ರ ಕೊಡಿ" ಅಂತ ಕೇಳುವ ಯೋಚನೆ ಯಾರಿಗಾದರೂ ಬಂದರೆ ತಡೆಯಿರಿ. ಲೆಕ್ಕಪರಿಶೋಧನೆಯ ಎಸ್‌ಎ 505 ಮಾನದಂಡದ ಪ್ರಕಾರ ಪತ್ರ ಆಡಿಟರ್‌ನಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ನೇರ ಆಡಿಟರ್‌ಗೆ ಹೋಗಬೇಕು. ಸತ್ಯಂ ಪ್ರಕರಣದಲ್ಲಿ ಇಲ್ಲದ 5,040 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಬಾಕಿ ಪುಸ್ತಕದಲ್ಲಿತ್ತು ಅಂತ 2009ರ ಜನವರಿಯಲ್ಲಿ ಹೊರಬಿತ್ತು. ಅಲ್ಲಿ ಆಡಿಟರುಗಳು ದೃಢೀಕರಣ ಪತ್ರ ಕಳಿಸುವುದು, ಪಡೆಯುವುದು ಎರಡನ್ನೂ ಕಂಪನಿಯ ಕೈಗೇ ಬಿಟ್ಟಿದ್ದರು ಎಂದು ಅಮೆರಿಕದ ನಿಯಂತ್ರಕರು 2011ರ ಆದೇಶದಲ್ಲಿ ಹೇಳಿದರು. ನಿಮ್ಮ ಆಡಿಟರ್ ಪತ್ರ ನೇರವಾಗಿ ತರಿಸಿಕೊಂಡದ್ದು ನಿಮ್ಮ ಮೇಲೆ ಅನುಮಾನದಿಂದಲ್ಲ. ಪತ್ರದಲ್ಲಿ ನಿಜವಾದ ತಪ್ಪಿದ್ದರೂ, ಆಡಿಟರ್‌ಗೆ ತಿಳಿಸಿ ಅವರ ಮೂಲಕವೇ ಬ್ಯಾಂಕಿಗೆ ಕೇಳಿಸಿ.

ಆಡಿಟರ್‌ಗೆ ಕಳಿಸುವಾಗ ಒಂದೇ ಹಾಳೆ ಮಾಡಿ. ಮೇಲೆ 16,54,100, ಕೆಳಗೆ 16,33,100, ನಡುವೆ ಎರಡೇ ಸಾಲು, ಎರಡಕ್ಕೂ ಏಪ್ರಿಲ್‌ನಲ್ಲಿ ಪಾಸಾದ ತಾರೀಕು. ತಿದ್ದಿದ ಎಂಟ್ರಿಗಳ ಪ್ರತಿ, ಎಫ್‌ಡಿ ಬಡ್ಡಿಯ ಲೆಕ್ಕ, ಗ್ಯಾರಂಟಿ ಪತ್ರ ಹಿಂದೆ ಲಗತ್ತಿಸಿ.

ಅದಕ್ಕೂ ಮುಂಚೆ ಆ 1,50,000ದ ಚೆಕ್ಕಿನ ಸರಬರಾಜುದಾರರಿಗೆ ನಾಳೆಯೇ ಫೋನ್ ಮಾಡಿ. ಡಿಸೆಂಬರ್‌ನ ಚೆಕ್ ಅವರ ಕೈ ಸೇರಿತ್ತಾ, ಕಳೆದುಹೋಯಿತಾ, ಬೇರೆ ದಾರಿಯಲ್ಲಿ ಹಣ ಬಂತಾ ಅಂತ ಕೇಳಿ. ಬಂದಿಲ್ಲ ಅಂದರೆ ಹಳೇ ಚೆಕ್ಕಿಗೆ ಸ್ಟಾಪ್ ಪೇಮೆಂಟ್ ಕೊಟ್ಟು, ಅವರ ಹಣ ನೆಫ್ಟ್ ಮಾಡಿಸಿ. ಅವರು ಇಷ್ಟು ತಿಂಗಳಿಂದ ಕಾಯುತ್ತಿರಬಹುದು.